ಪುಸ್ತಕದ ಲೈಸೆನ್ಸ್ ನೀರುಪಾಲಾದ ಮೇಲೆ: ಏಜೆಂಟರಿಲ್ಲದೆ ಡೂಪ್ಲಿಕೇಟ್ ಪಡೆದ ನನ್ನ ಅನುಭವ

2024ರ ಸೆಪ್ಟೆಂಬರ್ ಕೊನೆಯಲ್ಲಿ ಗೋಕರ್ಣಕ್ಕೆ ಹೊರಟವನು ಅಘನಾಶಿನಿಯಿಂದ ದೋಣಿ ಹತ್ತಿ ತದಡಿಯಲ್ಲಿ ಇಳಿಯುವಾಗ ಅಂಗಿಯ ಮೇಲುಜೇಬಿನಿಂದ ಪಾಕೀಟು ಜಾರಿ ಹೊಳೆಗೆ ಬಿತ್ತು. ಇಳಿತದ ಹೊತ್ತು, ನೀರು ಸಮುದ್ರದ ಕಡೆಗೆ ಎಳೆಯುತ್ತಿತ್ತು. ದೋಣಿಯವರು ಗಳ ಹಾಕಿ ತಡಕಿದರು, ಸಿಗಲಿಲ್ಲ. ಅದರಲ್ಲಿ ಪ್ಯಾನ್, ಆಧಾರ್ ಮತ್ತು 2007ರಲ್ಲಿ ಕಾರವಾರದಲ್ಲಿ ಮಾಡಿಸಿದ ಪುಸ್ತಕದ ಡ್ರೈವಿಂಗ್ ಲೈಸೆನ್ಸ್ ಇತ್ತು. ಹಾಳೆ ಮಡಚಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಟ್ಟ ಆ ಹಳೆಯ ಲೈಸೆನ್ಸನ್ನು ಅರ್ಜಿ ತುಂಬುವ ನಮ್ಮ ಕಸುಬಿನವರೆಲ್ಲ ನೋಡಿರುತ್ತೀರಿ.

ಪ್ಯಾನ್ ಮತ್ತು ಆಧಾರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡಕ್ಕೂ ತಲಾ ಐವತ್ತು ರೂಪಾಯಿ ಕಟ್ಟಿದೆ, ಅಂಚೆಯಲ್ಲಿ ಬಂದವು. ಕಾಡಿದ್ದು ಲೈಸೆನ್ಸ್.

ಹೊನ್ನಾವರದಲ್ಲಿ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡು ಹನ್ನೊಂದು ವರ್ಷವಾಯಿತು. ಲೈಸೆನ್ಸಿನ ಸರ್ಕಾರಿ ಜಾಲತಾಣವಾದ ಸಾರಥಿಯಲ್ಲಿ ದಿನಕ್ಕೆ ಎರಡು ಮೂರು ಅರ್ಜಿ ಹಾಕುತ್ತೇನೆ. ಆದರೂ ನನ್ನದೇ ಲೈಸೆನ್ಸ್ ಕಳೆದಾಗ ಮೊದಲು ಹೋದದ್ದು ಪರಿಚಯದ ಏಜೆಂಟರ ಬಳಿಗೆ. ಅವರು ಖಚಿತವಾಗಿಯೇ ಹೇಳಿದರು: "ತಮ್ಮಾ, ಪುಸ್ತಕದ ಲೈಸೆನ್ಸ್ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಕಾರವಾರಕ್ಕೆ ಹೋಗಿ ಬ್ಯಾಕ್‌ಲಾಗ್ ಮಾಡಿಸಬೇಕು, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಬೇಕು. ಅದಕ್ಕೆ ಮೂಲ ಪುಸ್ತಕ ಕೇಳುತ್ತಾರೆ, ನಿನ್ನ ಬಳಿ ಅದೇ ಇಲ್ಲ. ಹೊಸದಾಗಿ ಎಲ್ಎಲ್ ಮಾಡಿಸಿ ಟೆಸ್ಟ್ ಕೊಡು, ಎಲ್ಲ ಸೇರಿ ಐದು ಸಾವಿರ." ಇನ್ನಿಬ್ಬರೂ ಅದನ್ನೇ ಹೇಳಿದರು. ಹದಿನೇಳು ವರ್ಷ ಗಾಡಿ ಓಡಿಸಿದವನು ಕಲಿಕಾ ಲೈಸೆನ್ಸ್ ಹಿಡಿದು ನಿಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ. ಇರುವ ಲೈಸೆನ್ಸನ್ನು ಮುಚ್ಚಿಟ್ಟು ಹೊಸದಕ್ಕೆ ಅರ್ಜಿ ಹಾಕುವುದು ಸರಿಯೂ ಅಲ್ಲ.

ಅವರು ಹೇಳಿದ್ದರಲ್ಲಿ ಒಂದು ತಪ್ಪಿತ್ತು. ಪುಸ್ತಕದ ಲೈಸೆನ್ಸುಗಳಲ್ಲಿ ಸಾರಥಿಗೆ ಏರಿದವು ಬಹಳ ಇವೆ. ಪುಸ್ತಕದಲ್ಲಿ ಬರೆದ ರೂಪದಲ್ಲಿ ಸಂಖ್ಯೆ ಹಾಕಿದರೆ ಅವು ಸಿಗುವುದಿಲ್ಲ, ಅಷ್ಟೇ. ಇದನ್ನು ತಿಳಿಯಲು ನನಗೆ ಹತ್ತು ದಿನ ಹಿಡಿಯಿತು.

ಮೊದಲ ಎಡವಟ್ಟು ನನ್ನದೇ. ಕಳೆದ ದಿನ ಸಂಜೆಯೇ ಅವಸರದಲ್ಲಿ ರಾಜ್ಯ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ, ಲೈಸೆನ್ಸ್ ಸಂಖ್ಯೆಯ ಜಾಗದಲ್ಲಿ ನೆನಪಿನಲ್ಲಿದ್ದ ಅಂಕಿ ಹಾಕಿದೆ. ಅದು ತಪ್ಪಾಗಿತ್ತು. ಸ್ವೀಕೃತಿ ಪತ್ರದ ಸಂಖ್ಯೆಯೂ ಅರ್ಜಿಯ ಸಂಖ್ಯೆಯೂ ಬೇರೆಬೇರೆಯಾದರೆ ಆ ಪತ್ರದಿಂದ ಉಪಯೋಗವಿಲ್ಲ. ಎರಡನೆಯ ಬಾರಿ ದಾಖಲಿಸಬೇಕಾಯಿತು. ಈಗ ಗಿರಾಕಿಗಳಿಗೂ ಹೇಳುತ್ತೇನೆ: ಮೊದಲು ಸಂಖ್ಯೆ ಹುಡುಕಿ, ಸಾರಥಿಯಲ್ಲಿ ವಿವರ ತೆರೆದುಕೊಳ್ಳುತ್ತದೆಯೇ ನೋಡಿ, ಆಮೇಲೆ ಅಲ್ಲಿ ಕಂಡ ಸಂಖ್ಯೆಯನ್ನೇ ಹಾಕಿ ದೂರು ಕೊಡಿ.

ಸಂಖ್ಯೆ ಸಿಗುವುದೆಲ್ಲಿ? ಊರಿನ ಅಂಗಡಿಗಳಿಗೆಲ್ಲ ಜೆರಾಕ್ಸ್ ಮಾಡಿಕೊಡುವ ನನ್ನ ಬಳಿ ನನ್ನ ಲೈಸೆನ್ಸಿನ ಪ್ರತಿ ಇರಲಿಲ್ಲ. ಸಿಮ್ ಕಾರ್ಡಿಗೆ, ಬ್ಯಾಂಕಿಗೆ ಕೊಟ್ಟದ್ದು ನೆನಪಿಗೆ ಬಂತು, ಅಲ್ಲಿ ಹಳೆಯ ಕಾಗದ ತೆಗೆಸುವುದು ಆಗದ ಮಾತು. ಮೂರು ದಿನ ಕಪಾಟು ಹುಡುಕಿದ ಮೇಲೆ 2013ರಲ್ಲಿ ಬೈಕ್ ಅಪಘಾತದ ವಿಮೆ ಕೇಳಿದಾಗಿನ ಕಡತ ಸಿಕ್ಕಿತು. ವಾಹನದ ಹಾನಿಗೆ ವಿಮೆ ಕೇಳಿದವರೆಲ್ಲ ಲೈಸೆನ್ಸಿನ ಪ್ರತಿ ಕೊಟ್ಟೇ ಇರುತ್ತಾರೆ. ಹಳೆಯ ಸಂಖ್ಯೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇನ್ನೊಂದು ಜಾಗವೂ ನನಗೆ ಗೊತ್ತಿದೆ, ಅದು ನನ್ನ ಅಂಗಡಿಯ ಗಿರಾಕಿಗಳಿಗೆ ಇರಲಿ.

ಪ್ರತಿ ಮಾಸಿ ಹೋಗಿತ್ತು. ನಿಜವಾದ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ, 1234/06-07 ಎಂದುಕೊಳ್ಳಿ. ಮೂರನೆಯ ಅಂಕಿಯ ಎಡಮಗ್ಗುಲು ಅಳಿಸಿ ಹೋಗಿದ್ದರಿಂದ ಅದು 3 ಅಥವಾ 8. ಸ್ಕ್ಯಾನ್ ಮಾಡಿ ಕಪ್ಪುಬಿಳುಪು ಏರಿಳಿಸಿದೆ, ಹಿಂದಿನಿಂದ ಮೊಬೈಲ್ ಬೆಳಕು ಹಿಡಿದೆ, ನೀಲಿ ಪ್ಲಾಸ್ಟಿಕ್ ಹಾಳೆಯನ್ನೂ ಮೇಲೆ ಇಟ್ಟು ನೋಡಿದೆ. ನೀಲಿ ಹಾಳೆಯಿಂದ ಏನೂ ಆಗಲಿಲ್ಲ. ಬೆಳಕಿನಲ್ಲಿ 8 ಇರಬಹುದೆಂಬ ಗುಮಾನಿ ಬಂತು, ಖಾತ್ರಿಯಾಗಲಿಲ್ಲ.

ಇನ್ನು ರೂಪದ ವಿಷಯ. ಸಾರಥಿಗೆ ಬೇಕಾದದ್ದು ಹದಿನೈದು ಅಕ್ಷರ. ಮೊದಲು ರಾಜ್ಯದ ಎರಡು ಅಕ್ಷರ, ಬಳಿಕ ಆರ್‌ಟಿಒ ಕಚೇರಿಯ ಎರಡು ಅಂಕಿ (ಕಾರವಾರಕ್ಕೆ 30, ಶಿರಸಿಗೆ 31, ಹೊನ್ನಾವರಕ್ಕೆ 47, ದಾಂಡೇಲಿಗೆ 65), ಬಳಿಕ ಕೊಟ್ಟ ವರ್ಷದ ನಾಲ್ಕು ಅಂಕಿ, ಕೊನೆಗೆ ಏಳು ಅಂಕಿಯ ಸಂಖ್ಯೆ. ಪುಸ್ತಕದಲ್ಲಿ ನಾಲ್ಕೇ ಅಂಕಿ ಇದ್ದರೆ ಮುಂದೆ ಮೂರು ಸೊನ್ನೆ ಸೇರಿಸಬೇಕು. ಮಧ್ಯದ ಓರೆಗೆರೆ ಮತ್ತು ಇತರ ಅಕ್ಷರಗಳನ್ನೆಲ್ಲ ಬಿಡಬೇಕು. ನನ್ನದು ಹೀಗಾಗುತ್ತದೆ:

```
KA30 20060001234
KA30 20070001234
```

ಇವುಗಳಲ್ಲಿ ಯಾವುದು? ಪುಸ್ತಕದಲ್ಲಿದ್ದ 06-07 ಆರ್ಥಿಕ ವರ್ಷ. ಎಲ್ಲರೂ 2006 ಹಾಕಿ, ವಿವರ ಬಾರದಿದ್ದಾಗ ಕೈಬಿಡುತ್ತಾರೆ. ನನಗೆ ಲೈಸೆನ್ಸ್ ಕೊಟ್ಟದ್ದು 2007ರ ಫೆಬ್ರವರಿಯಲ್ಲಿ.

ಇದಾದ ಮೇಲೂ ವಿವರ ತೆರೆಯಲಿಲ್ಲ. ಸಾರಥಿ ಸಂಖ್ಯೆಯ ಜೊತೆ ಜನ್ಮದಿನವನ್ನೂ ಕೇಳುತ್ತದೆ, ಆಧಾರಿನಲ್ಲಿದ್ದದ್ದನ್ನು ಕೊಟ್ಟೆ. ಎರಡು ವರ್ಷ, ಎರಡು ಅಂಕಿ, ನಾಲ್ಕು ಬಗೆಯನ್ನೂ ಹಾಕಿದೆ. ಪ್ರತಿ ಸಲ ಕ್ಯಾಪ್ಚಾ, ಪ್ರತಿ ಸಲ ವಿವರ ಇಲ್ಲವೆಂಬ ಉತ್ತರ. ಏಜೆಂಟರ ಮಾತೇ ನಿಜವೆಂದು ಆ ರಾತ್ರಿ ನಂಬಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಅವ್ವ ದೋಸೆ ಹಾಕುತ್ತ, "ನಿನ್ನನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡಿದ್ದರಲ್ಲ, ಲೈಸೆನ್ಸಿನಲ್ಲಿಯೂ ಅದೇ ಇರಬೇಕು" ಎಂದಳು. ನಾನು ಹುಟ್ಟಿದ್ದು ಆಗಸ್ಟಿನಲ್ಲಿ, ಆಧಾರಿನಲ್ಲಿ ಅದೇ ಇದೆ. ಆದರೆ ಲೈಸೆನ್ಸಿಗೆ ಕೊಟ್ಟದ್ದು ಶಾಲೆಯ ಟಿಸಿ. ನಮ್ಮ ಕಡೆ ನನ್ನ ವಯಸ್ಸಿನವರಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಮಂದಿ ಎಂದು ಅರ್ಜಿ ತುಂಬುವ ನನಗೇ ಗೊತ್ತಿರಬೇಕಾಗಿತ್ತು.

ಹಾಳೆಯೊಂದರ ಹಿಂಬದಿಯಲ್ಲಿ ಗೆರೆ ಎಳೆದೆ. ವರ್ಷ ಎರಡು, ಅಂಕಿ ಎರಡು, ಜನ್ಮದಿನ ಎರಡು, ಒಟ್ಟು ಎಂಟು ಸಾಲು. ಆಧಾರಿನ ದಿನಾಂಕದ ನಾಲ್ಕು ಮುಗಿದಿದ್ದವು, ಅವನ್ನು ಹೊಡೆದುಹಾಕಿ ಉಳಿದವನ್ನು ಒಂದೊಂದಾಗಿ ಹಾಕಿದೆ. ಕೊನೆಯ ಸಾಲು, ಅಂದರೆ 2007, 8 ಮತ್ತು ಜೂನ್ 1, ಹಾಕಿದಾಗ ನನ್ನ ಇಪ್ಪತ್ತೆರಡನೆಯ ವಯಸ್ಸಿನ ಹೆಸರು, ವಿಳಾಸ, 2027ರ ಫೆಬ್ರವರಿಯವರೆಗಿನ ಅವಧಿ ಎಲ್ಲವೂ ಪರದೆಯ ಮೇಲೆ ಬಂತು. ಕುರ್ಚಿಯಿಂದ ಎದ್ದು ನಿಂತೆ. ಏಜೆಂಟರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಆಮೇಲೆ ಇದನ್ನು ಇನ್ನೂ ಏಳೆಂಟು ಹಳೆಯ ಲೈಸೆನ್ಸುಗಳ ಮೇಲೆ ಪ್ರಯೋಗಿಸಿದ್ದೇನೆ. ಎಲ್ಲರಿಗೂ ಎರಡನೆಯ ವರ್ಷವೇ ಎಂದೇನಿಲ್ಲ, ಇಬ್ಬರದು ಮೊದಲ ವರ್ಷ ಹಾಕಿದಾಗಲೇ ತೆರೆಯಿತು. ಹಾಗಾಗಿ ಊಹಿಸಬೇಡಿ, ಸಾಲು ಬರೆದುಕೊಂಡು ಒಂದೊಂದನ್ನೇ ಹಾಕಿ.

ವಿವರ ಸಿಕ್ಕ ಮೇಲೆ ಅರ್ಜಿ ಸುಲಭವೆಂದುಕೊಂಡು ಆಧಾರ್ ದೃಢೀಕರಣದ ದಾರಿ ಹಿಡಿದೆ. ಕಚೇರಿಗೆ ಹೋಗದೆ ಮುಗಿಯಲಿ ಎಂಬ ಆಸೆ. ಜನ್ಮದಿನ ಹೊಂದದ ಕಾರಣ ಅದು ಮುಂದೆ ಹೋಗಲಿಲ್ಲ. ಆಧಾರಿನ ದಿನಾಂಕವನ್ನೇ ಜೂನ್ 1 ಮಾಡಿಬಿಡು ಎಂದು ಗೆಳೆಯನೊಬ್ಬ ಹೇಳಿದ. ಆ ಕೆಲಸ ಮಾಡಬೇಡಿ. ಆಧಾರಿನಲ್ಲಿ ಜನ್ಮದಿನ ಬದಲಿಸಲು ಒಂದೇ ಅವಕಾಶ, ಅದನ್ನು ಲೈಸೆನ್ಸಿಗಾಗಿ ಕಳೆದರೆ ಮುಂದೆ ಪಾಸ್‌ಪೋರ್ಟಿಗೆ ಬೇಕಾದಾಗ ಇರುವುದಿಲ್ಲ. ನಾನು ಆಧಾರಿಲ್ಲದೆ ಮೊಬೈಲ್ ಒಟಿಪಿಯ ದಾರಿಯಲ್ಲಿ ಅರ್ಜಿ ಹಾಕಿ, ಕಾಗದ ಹಿಡಿದು ಕಚೇರಿಗೆ ಹೋಗುವುದನ್ನೇ ಆರಿಸಿಕೊಂಡೆ.

ವಿಳಾಸವನ್ನೂ ಅದೇ ಅರ್ಜಿಯಲ್ಲಿ ಬದಲಿಸಿದೆ. ಹಳೆಯ ದಾಖಲೆಯಲ್ಲಿ ಇದ್ದದ್ದು ಕಾರವಾರದ ಕೋಡಿಬಾಗದಲ್ಲಿ ನಾನು ಬಾಡಿಗೆಗೆ ಇದ್ದ ಕೋಣೆ. ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ದಾಖಲೆಯ ವಿಳಾಸಕ್ಕೆ ಹೋಗುತ್ತದೆ. ಬದಲಿಸದಿದ್ದರೆ ಅದು ಅಲ್ಲಿಗೆ ಹೋಗಿ ಮರಳುತ್ತಿತ್ತು. ಎರಡು ಸೇವೆಗೂ ಕಾರ್ಡಿಗೂ ಸೇರಿ ಆರುನೂರರಿಂದ ಏಳುನೂರರೊಳಗೆ ಆದ ನೆನಪು. ನವೀಕರಣವನ್ನೂ ಸೇರಿಸಿ ಹಣ ಉಳಿಸಲು ನೋಡಿದೆ. ಅವಧಿ ಮುಗಿಯಲು ಒಂದು ವರ್ಷದೊಳಗೆ ಇದ್ದರೆ ಮಾತ್ರ ಅದು ಸಾಧ್ಯ, ನನಗೆ ಎರಡು ವರ್ಷಕ್ಕಿಂತ ಹೆಚ್ಚು ಉಳಿದಿತ್ತು.

ಹಣ ಕಟ್ಟುವಾಗ ಖಾತೆಯಿಂದ ಕಡಿತವಾಯಿತು, ರಸೀದಿ ಬರಲಿಲ್ಲ. ಇಲ್ಲಿ ಹೊಸಬರು ಮತ್ತೆ ಕಟ್ಟಿ ಕಳೆದುಕೊಳ್ಳುತ್ತಾರೆ. ನಾನು ಮರುದಿನದವರೆಗೆ ಸುಮ್ಮನಿದ್ದು, ಶುಲ್ಕದ ಪಟ್ಟಿಯಲ್ಲಿರುವ Verify Pay Status ಒತ್ತಿದೆ. ರಸೀದಿ ಬಂತು.

ಕಚೇರಿಗೆ ಹೋದದ್ದು ಒಂದೇ ದಿನ. ಅರ್ಜಿ, ರಸೀದಿ, ಪೊಲೀಸ್ ಸ್ವೀಕೃತಿ, ಹಳೆಯ ಮಾಸಿದ ಪ್ರತಿ, ಮನೆಯ ವಿಳಾಸದ ದಾಖಲೆ, ಜೊತೆಗೆ ಶಾಲೆಯ ಟಿಸಿ. ಜನ್ಮದಿನ ಏಕೆ ಬೇರೆ ಎಂದು ಕೇಳಿದಾಗ ಟಿಸಿ ತೋರಿಸಿದೆ, ಅಲ್ಲಿಗೆ ಪ್ರಶ್ನೆ ಮುಗಿಯಿತು. ಫೋಟೊ, ಸಹಿ ಹೊಸದಾಗಿ ತೆಗೆದುಕೊಂಡರು. ದೂರು ಎರಡು ಸಲ, ಜೆರಾಕ್ಸ್, ಓಡಾಟ ಎಲ್ಲ ಸೇರಿಸಿದರೂ ಖರ್ಚು ಸಾವಿರ ದಾಟಲಿಲ್ಲ.

ಈ ದಾರಿ ನಿಲ್ಲುವ ಜಾಗವೂ ಇದೆ. ಕುಮಟಾ ಕಡೆಯ ಲಾರಿ ಚಾಲಕರೊಬ್ಬರದು ಎಂಟಲ್ಲ, ಹದಿನಾರು ಸಾಲು ಹಾಕಿದರೂ ತೆರೆಯಲಿಲ್ಲ. ಅವರ ದಾಖಲೆ ನಿಜಕ್ಕೂ ಗಣಕಕ್ಕೆ ಏರಿಲ್ಲ. ಅಂಥವರು ಲೈಸೆನ್ಸ್ ಕೊಟ್ಟ ಮೂಲ ಕಚೇರಿಗೇ ಹೋಗಿ, ಅಲ್ಲಿಯ ರಿಜಿಸ್ಟರ್ ತೆಗೆಸಿ ಬ್ಯಾಕ್‌ಲಾಗ್ ಮಾಡಿಸಲೇಬೇಕು. ಕೊಟ್ಟ ತಿಂಗಳು ಗೊತ್ತಿದ್ದರೆ ರಿಜಿಸ್ಟರಿನಲ್ಲಿ ಹುಡುಕುವುದು ಬೇಗ ಆಗುತ್ತದೆ. ಅವರಿಗೆ ತಿಂಗಳು ನೆನಪಿರಲಿಲ್ಲ, ಆ ವರ್ಷ ಮಗಳು ಹುಟ್ಟಿದ್ದು ನೆನಪಿತ್ತು. ಅದನ್ನೇ ಹಿಡಿದು ಹುಡುಕುತ್ತಿದ್ದಾರೆ.

ನನ್ನ ಕಾರ್ಡ್ ಸುಮಾರು ಇಪ್ಪತ್ತು ದಿನಕ್ಕೆ ಅಂಚೆಯಲ್ಲಿ ಬಂತು. ವಿಳಾಸ ಹೊನ್ನಾವರದ್ದು, ಸಂಖ್ಯೆ ಹಳೆಯ KA30, ಜನ್ಮದಿನ ಜೂನ್ 1. ಬಂದ ದಿನವೇ ಎರಡೂ ಮಗ್ಗುಲು ಜೆರಾಕ್ಸ್ ಮಾಡಿ ವಿಮೆಯ ಕಡತದಲ್ಲಿಯೇ ಇಟ್ಟೆ.