ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ಮತ್ತು ಎರಡು ಸಲ ಕಂಡ 436 ರೂಪಾಯಿ

ನನಗೆ ಎರಡು ಉಳಿತಾಯ ಖಾತೆಗಳಿವೆ. ಒಂದು ಮುಧೋಳದಲ್ಲಿ ತೆರೆದ ಹಳೆಯ ಖಾತೆ, ಇನ್ನೊಂದು 2022ರ ಡಿಸೆಂಬರಿನಲ್ಲಿ ಬಾಗಲಕೋಟೆಯ ನವನಗರಕ್ಕೆ ಬಂದ ಮೇಲೆ ತೆರೆದ ಸಂಬಳದ ಖಾತೆ. ಎರಡರಿಂದಲೂ ಆಗಾಗ ಸಣ್ಣಪುಟ್ಟ ಹಣ ಕಟ್ ಆಗುತ್ತಿತ್ತು. ತಾನಾಗಿಯೇ ಮರಳಿ ಮರಳಿ ಕಟ್ ಆಗುವುದೆಲ್ಲವನ್ನೂ ಒಮ್ಮೆ ಹುಡುಕಿಬಿಡಬೇಕೆಂದು 2024ರ ಜೂನ್ ತಿಂಗಳಲ್ಲಿ ಕುಳಿತೆ.

ಮೊದಲು ಮೂರು ತಿಂಗಳ ಸ್ಟೇಟ್‌ಮೆಂಟ್ ಮಾತ್ರ ತೆಗೆದಿದ್ದೆ. ಪ್ರತಿ ತಿಂಗಳು ಹೋಗುವ ಹಣ ಅದರಲ್ಲಿ ಸಿಕ್ಕಿತು, ಆದರೆ ವರ್ಷಕ್ಕೊಮ್ಮೆ ಕಟ್ ಆಗುವ ಹಣ ಮರುಕಳಿಸುವಂಥದ್ದೇ ಎಂದು ತಿಳಿಯಲು ಅದೇ ತಿಂಗಳು ಎರಡು ಸಲ ಕಾಣಬೇಕು. ಹಾಗಾಗಿ 2023ರ ಮೇ 1ರಿಂದ 2024ರ ಮೇ 31ರವರೆಗೆ, ಒಟ್ಟು ಹದಿಮೂರು ತಿಂಗಳ ಸ್ಟೇಟ್‌ಮೆಂಟನ್ನು ಎರಡೂ ಖಾತೆಗಳಿಂದ ತೆಗೆದು ಮುದ್ರಿಸಿಕೊಂಡೆ.

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಹದಿಮೂರು ಕಂಬಗಳನ್ನು ಎಳೆದು ಒಂದೊಂದಕ್ಕೆ ಒಂದು ತಿಂಗಳ ಹೆಸರು ಬರೆದೆ. ನನ್ನ ಹೆಂಡತಿ ಸ್ಟೇಟ್‌ಮೆಂಟಿನ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾನು ಎಡಗಡೆ ಆ ಸಾಲಿನ ವಿವರಣೆಯನ್ನು ಬರೆದು, ಅದರ ತಿಂಗಳ ಮನೆಯಲ್ಲಿ ಮೊತ್ತ ತುಂಬುತ್ತಿದ್ದೆ. ನಮ್ಮ ಕೈಯಾರೆ ಅಂಗಡಿಗೆ ಕೊಟ್ಟದ್ದು, ಎಟಿಎಮ್ಮಿನಿಂದ ತೆಗೆದದ್ದು ಎಂದು ನೆನಪಾದ ಸಾಲಿಗೆ ಮಾತ್ರ ಪೆನ್ಸಿಲ್ ಗೆರೆ ಎಳೆದೆವು. ಹೊಂದಿಸುವಾಗ ಮೊತ್ತವನ್ನು ನಂಬದೆ ವಿವರಣೆಯನ್ನು ನಂಬಬೇಕೆಂಬುದು ಮೊದಲ ಅರ್ಧ ಗಂಟೆಯಲ್ಲೇ ತಿಳಿಯಿತು. ಒಂದೇ ಶುಲ್ಕ ಒಂದೊಂದು ಸಲ ಒಂದೊಂದು ಮೊತ್ತವಾಗಿ ಬರುತ್ತದೆ. ಯುಪಿಐ ಸಾಲುಗಳಲ್ಲಿ ಮಾತ್ರ ಮಧ್ಯದ ಹನ್ನೆರಡು ಅಂಕಿಗಳ ಸಂಖ್ಯೆ ಪ್ರತಿ ಸಲ ಬದಲಾಗುವುದರಿಂದ ಅದನ್ನು ಬಿಟ್ಟು, ಹಣ ಪಡೆದವರ ಹೆಸರನ್ನಷ್ಟೇ ಓದಬೇಕು.

ತುಂಬಿದ ಮೇಲೆ ಪುಟವೇ ಮಾತಾಡಿತು. `ACH D` ಎಂದು ಆರಂಭವಾಗುವ ಸಾಲದ ಕಂತು ಹದಿಮೂರೂ ಮನೆಗಳಲ್ಲಿತ್ತು. ಎಸ್‌ಎಮ್‌ಎಸ್ ಶುಲ್ಕದ 17.70 ರೂಪಾಯಿ ಮೂರು ತಿಂಗಳಿಗೊಮ್ಮೆ ಕಂಡಿತು. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ 236 ರೂಪಾಯಿ. ಇಂಥ ವಿಚಿತ್ರ ಮೊತ್ತ ಕಂಡರೆ 1.18ರಿಂದ ಭಾಗಿಸಿ ನೋಡುತ್ತೇನೆ; 15 ಅಥವಾ 200ರಂಥ ದುಂಡು ಅಂಕಿ ಬಂದರೆ ಅದು ಬಹುಮಟ್ಟಿಗೆ ಶೇಕಡಾ 18 ಜಿಎಸ್‌ಟಿ ಸೇರಿಸಿದ ಶುಲ್ಕವೇ ಆಗಿರುತ್ತದೆ.

ಮೊದಲ ಮತ್ತು ಹದಿಮೂರನೆಯ ಮನೆಗಳಲ್ಲಿ ಮಾತ್ರ ತುಂಬಿದ್ದ, ನಡುವೆ ಪೂರಾ ಖಾಲಿಯಿದ್ದ ಸಾಲು `PMJJBY`, ಅಂದರೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಮೊತ್ತ 436. ಅದು ಎರಡೂ ಖಾತೆಗಳ ಪುಟಗಳಲ್ಲಿತ್ತು. ಒಬ್ಬರು ಎಷ್ಟೇ ಖಾತೆ ಇಟ್ಟಿದ್ದರೂ ಈ ವಿಮೆಗೆ ಒಂದೇ ಖಾತೆಯಿಂದ ಸೇರಬೇಕು. ಎರಡು ಕಡೆ ಕಂತು ಕಟ್ಟಿದರೂ ಕುಟುಂಬಕ್ಕೆ ಸಿಗುವುದು 2 ಲಕ್ಷ ಮಾತ್ರ, ಹೆಚ್ಚಿನ ಕಂತು ಮುಟ್ಟುಗೋಲಾಗುತ್ತದೆ. ನಾನಿಲ್ಲದ ದಿನ ಮನೆಯವರು 4 ಲಕ್ಷ ಬರುತ್ತದೆಂದು ಕಾಯುತ್ತಿದ್ದರೇನೋ ಎಂಬ ಯೋಚನೆ ಆ ಹಣಕ್ಕಿಂತ ಹೆಚ್ಚು ನನ್ನನ್ನು ಕಾಡಿತು.

ಇದು ಯಾವಾಗಿನಿಂದ ನಡೆದಿದೆ ಎಂದು ಸಂಬಳದ ಖಾತೆಯ ಹಿಂದಿನ ಸಾಲುಗಳಲ್ಲಿ ಹುಡುಕಿದಾಗ ಬೇರೆಲ್ಲೂ 436 ಸಿಗಲಿಲ್ಲ. 2022ರ ಡಿಸೆಂಬರಿನಲ್ಲಿ 228 ರೂಪಾಯಿಯ ಒಂದು ಸಾಲಿತ್ತು, ವಿವರಣೆ ಅದೇ. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ ಇರುವುದರಿಂದ, ಡಿಸೆಂಬರಿನಿಂದ ಫೆಬ್ರವರಿಯೊಳಗೆ ಸೇರಿದವರಿಂದ ಮೊದಲ ಸಲ 228 ಮಾತ್ರ ಪಡೆಯುತ್ತಾರೆ. ಮೊತ್ತ ನೋಡಿ ಹುಡುಕಿದ್ದರೆ ಈ ಸಾಲು ತಪ್ಪಿಹೋಗುತ್ತಿತ್ತು. 228, 436, 436: ಒಟ್ಟು 1,100 ರೂಪಾಯಿ ಹೆಚ್ಚಾಗಿ ಹೋಗಿತ್ತು.

ಶಾಖೆಯಲ್ಲಿ ಕೇಳಿದಾಗ ಅಲ್ಲಿದ್ದ ಅಧಿಕಾರಿ, "ಖಾತೆ ತೆಗಿಯೋವಾಗ ಕೊಟ್ಟ ಫಾರ್ಮಿನ್ಯಾಗ ನಿಮ್ಮ ಸಹಿ ಐತ್ರಿ ಸರ್" ಎಂದು ತೋರಿಸಿದರು. ಸಹಿ ನನ್ನದೇ ಆಗಿತ್ತು; ಅಂದು ಹಲವು ಹಾಳೆಗಳಿಗೆ ಒಟ್ಟಿಗೆ ಸಹಿ ಮಾಡಿದ್ದೆ.

ರದ್ದು ಮಾಡಿಸುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಎರಡನ್ನೂ ನಿಲ್ಲಿಸಿ ಹೊಸದಾಗಿ ಸೇರಿದರೆ, ಸೇರಿದ ದಿನದಿಂದ ಮೊದಲ 30 ದಿನ ಅಪಘಾತದ ಸಾವಿಗೆ ಬಿಟ್ಟು ಬೇರೆ ಸಾವಿಗೆ ಹಣ ಸಿಗುವುದಿಲ್ಲ. ಆದ್ದರಿಂದ ಮೇ ಕೊನೆಯಲ್ಲಿ ಖಂಡಿತ ಹಣವಿರುವ ಸಂಬಳದ ಖಾತೆಯದನ್ನು ಹಾಗೆಯೇ ಉಳಿಸಿ, ಮುಧೋಳದ ಖಾತೆಯದನ್ನು ನಿಲ್ಲಿಸುವಂತೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡೆ.

ಈ ಓದಿಗೂ ಸಿಗದ ಒಂದು ಜಾಗವಿದೆ. ಮೊಬೈಲಿನ ಆ್ಯಪ್ ಅಂಗಡಿಯ ಮೂಲಕ ಪಡೆದ ಚಂದಾಗಳು ಸ್ಟೇಟ್‌ಮೆಂಟಿನಲ್ಲಿ ಆ ಅಂಗಡಿಯ ಹೆಸರಿನಲ್ಲಿಯೇ ಬರಬಹುದು. ಯಾವ ಸೇವೆಗೆ ಎಷ್ಟು ಎಂಬುದನ್ನು ಫೋನಿನ ಚಂದಾ ಪುಟದಲ್ಲಿ ನೋಡಬೇಕು. ಯುಪಿಐ ಆ್ಯಪಿನ ಆಟೋಪೇ ಪುಟವನ್ನೂ ಅದೇ ದಿನ ತೆರೆದು ನೋಟ್‌ಬುಕ್ಕಿನ ಜೊತೆ ತಾಳೆ ಹಾಕಿದೆ.

2025ರ ಮೇ ಕೊನೆಯ ವಾರದಲ್ಲಿ ಮುಧೋಳದ ಪಾಸ್‌ಬುಕ್ ಮುದ್ರಿಸಿಕೊಂಡು ಬಂದೆ. 436ರ ಸಾಲು ಅದರಲ್ಲಿ ಇರಲಿಲ್ಲ.