ಸರಾಸರಿ ಮಾತ್ರ ತೋರಿಸುವ ಡ್ಯಾಶ್‌ಬೋರ್ಡ್‌ನಿಂದ ಒಬ್ಬರ ಸಂಬಳ ಹೊರಬೀಳುತ್ತದೆಯೇ? ಪರೀಕ್ಷಿಸುವ ಬಗೆ

ಬೆಳ್ಳಂದೂರಿನಲ್ಲಿ 120 ಜನರ ಒಂದು ಸಾಫ್ಟ್‌ವೇರ್ ಕಂಪನಿ ಇದೆ ಅಂದುಕೊಳ್ಳಿ. ಕೋರಮಂಗಲದಲ್ಲಿ ಅದರದೇ ಇನ್ನೊಂದು ಆಫೀಸು. ಸಂಬಳದ ವಿಷಯದಲ್ಲಿ ಮುಚ್ಚುಮರೆ ಬೇಡವೆಂದು ಎಚ್‌ಆರ್‌ನವರು ಒಂದು ಡ್ಯಾಶ್‌ಬೋರ್ಡ್ ಇಟ್ಟಿದ್ದಾರೆ. ತಂಡ, ಲಿಂಗ, ಆಫೀಸು, ಹೀಗೆ ಯಾವ ಫಿಲ್ಟರ್ ಬೇಕಾದರೂ ಹಾಕಬಹುದು. ಎಷ್ಟು ಜನ, ಸರಾಸರಿ ಸಂಬಳ ಎಷ್ಟು ಎಂಬ ಎರಡೇ ಉತ್ತರ ಬರುತ್ತದೆ. ಗುಂಪಿನಲ್ಲಿ 5ಕ್ಕಿಂತ ಕಡಿಮೆ ಜನ ಇದ್ದರೆ ಉತ್ತರ ಇಲ್ಲ. ನೋಡಿದರೆ ಇಷ್ಟು ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ನಿಮ್ಮ ಕೈಯಲ್ಲೂ ಇಂಥದ್ದೊಂದು ಡ್ಯಾಶ್‌ಬೋರ್ಡ್ ಇದ್ದರೆ ಸೋರಿಕೆಯನ್ನು ನೀವೇ ಕಂಡುಹಿಡಿಯಬಹುದು. ನಿಜವಾದ ಸಂಬಳದ ಪಟ್ಟಿ ಮುಟ್ಟಬೇಡಿ. ಸುಳ್ಳು ಹೆಸರು, ಸುಳ್ಳು ಸಂಬಳ ತುಂಬಿದ ಒಂದು ನಕಲಿನ ಮೇಲೆ ಮಾಡಿ.

ಮೊದಲ ಹೆಜ್ಜೆ: ಒಂಟಿಯಾಗಿರುವವರನ್ನು ಹುಡುಕಿ

ಯಾವ ಫಿಲ್ಟರ್‌ಗಳನ್ನು ಜೋಡಿಸಿದರೆ ಗುಂಪು ತೀರಾ ಸಣ್ಣದಾಗುತ್ತದೆ ಎಂದು ಮೊದಲು ಗೊತ್ತಾಗಬೇಕು. ಇದಕ್ಕೆ ಒಂದು ಕ್ವೆರಿ ಸಾಕು:

```
SELECT dept, gender, COUNT(*)
FROM staff
GROUP BY dept, gender
HAVING COUNT(*) < 5;
```

ನಮ್ಮ ಕಂಪನಿಯ ನೆಟ್‌ವರ್ಕ್ ತಂಡದಲ್ಲಿ 14 ಜನ, ಅದರಲ್ಲಿ ಮಹಿಳೆ ಒಬ್ಬರೇ. ಇದು ಗುಟ್ಟೇನೂ ಅಲ್ಲ. ಊಟದ ಹೊತ್ತಿಗೆ ಕ್ಯಾಂಟೀನಿಗೆ ಹೋದ ಯಾರಿಗಾದರೂ ಗೊತ್ತಿರುವ ವಿಷಯ. ದಾಳಿ ಮಾಡುವವನಿಗೆ ಹೊರಗಿನಿಂದ ಬೇಕಾದ ಮಾಹಿತಿ ಇಷ್ಟೇ.

ಎರಡನೇ ಹೆಜ್ಜೆ: ಕಳೆದು ನೋಡಿ

‘ನೆಟ್‌ವರ್ಕ್, ಮಹಿಳೆ’ ಎಂದು ಕೇಳಿದರೆ ಡ್ಯಾಶ್‌ಬೋರ್ಡ್ ಒಪ್ಪುವುದಿಲ್ಲ. ಹಾಗಾಗಿ ಅದನ್ನು ಕೇಳಲೇಬೇಡಿ. ನೆಟ್‌ವರ್ಕ್ ತಂಡದ ಎಲ್ಲರ ಸರಾಸರಿ ಕೇಳಿ: 14 ಜನ, ತಿಂಗಳಿಗೆ 86,000 ರೂಪಾಯಿ. ಆಮೇಲೆ ಅದೇ ತಂಡದ ಗಂಡಸರದ್ದು ಕೇಳಿ: 13 ಜನ, 85,538 ರೂಪಾಯಿ. ಎರಡೂ ಗುಂಪು 5ಕ್ಕಿಂತ ದೊಡ್ಡವು, ಎರಡಕ್ಕೂ ಉತ್ತರ ಬಂತು. ಈಗ ಗುಣಿಸಿ. 14 × 86,000 ಅಂದರೆ 12,04,000. 13 × 85,538 ಅಂದರೆ 11,11,994. ವ್ಯತ್ಯಾಸ 92,006. ಆಕೆಯ ನಿಜವಾದ ಸಂಬಳ 92,000. ಆ ಆರು ರೂಪಾಯಿ ಪೈಸೆ ಕೈಬಿಟ್ಟಿದ್ದರಿಂದ ಬಂದದ್ದು.

ಇಲ್ಲಿ ‘ತಂಡದ ಗಂಡಸರು’ ಎಂಬ ಗುಂಪಿಗೆ ಟ್ರ್ಯಾಕರ್ ಎನ್ನುತ್ತಾರೆ. ಬೇಕಾದವರನ್ನು ನೇರವಾಗಿ ಕೇಳುವಂತಿಲ್ಲ. ಹಾಗಾಗಿ ಅವರನ್ನು ದೊಡ್ಡ ಗುಂಪಿನೊಳಗೆ ಸೇರಿಸಿ ಕೇಳಿ, ಟ್ರ್ಯಾಕರನ್ನು ಅದರಿಂದ ಕಳೆಯುವುದು.

ಆ ತಂಡದಲ್ಲಿ ಮಹಿಳೆಯರು ಇಬ್ಬರಿದ್ದರೆ? ಆಗ ಕಳೆದ ಮೇಲೆ ಸಿಗುವುದು ಇಬ್ಬರ ಸಂಬಳದ ಮೊತ್ತ. ಹೊರಗಿನವರಿಗೆ ಅದರಿಂದ ಹೆಚ್ಚೇನೂ ಸಿಗದು. ಆದರೆ ಕೇಳುತ್ತಿರುವವರೇ ಆ ಇಬ್ಬರಲ್ಲಿ ಒಬ್ಬರಾಗಿದ್ದರೆ ಕಥೆ ಬೇರೆ. ತಮ್ಮ ಸಂಬಳ ಅವರಿಗೆ ಗೊತ್ತೇ ಇದೆ, ಅದನ್ನೂ ಕಳೆದರೆ ಆಯಿತು. ‘ಕನಿಷ್ಠ ಇಬ್ಬರಿದ್ದರೆ ಸಾಕು’ ಎನ್ನುವ ಎಚ್‌ಆರ್‌ನವರು ಮರೆಯುವುದು ಇದನ್ನೇ.

ಮೂರನೇ ಹೆಜ್ಜೆ: ದೊಡ್ಡ ಗುಂಪುಗಳನ್ನೇ ಬಳಸಿ ನೋಡಿ

ಈಗ ಡ್ಯಾಶ್‌ಬೋರ್ಡ್ ನೋಡಿಕೊಳ್ಳುವವರು ಎಚ್ಚೆತ್ತರು ಎನ್ನೋಣ. ಒಂದು ತಂಡದ ಗಂಡಸರು ಮಾತ್ರ ಅಥವಾ ಹೆಂಗಸರು ಮಾತ್ರ ಇರುವ ಗುಂಪಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದರು. 115ಕ್ಕಿಂತ ಜಾಸ್ತಿ ಜನರ ಗುಂಪಿಗೂ ಉತ್ತರ ಇಲ್ಲ ಎಂದರು. ಈ ಎರಡನೇ ನಿಯಮ ಬೇಕೇ ಬೇಕು, ಇಲ್ಲದಿದ್ದರೆ ‘ಅವರೊಬ್ಬರನ್ನು ಬಿಟ್ಟು ಎಲ್ಲರೂ’ ಎಂದು ಕೇಳಿ, ಇಡೀ ಕಂಪನಿಯ ಮೊತ್ತದಿಂದ ಕಳೆಯಬಹುದು. ಆದರೆ ‘ಅಥವಾ’ ಎಂದು ಫಿಲ್ಟರ್ ಜೋಡಿಸಲು ಬಿಟ್ಟಿದ್ದಾರಾದರೆ ಇಷ್ಟಾದರೂ ತೂತು ಮುಚ್ಚಿಲ್ಲ.

ಕೋರಮಂಗಲದಲ್ಲಿ 50 ಜನ, ಬೆಳ್ಳಂದೂರಿನಲ್ಲಿ 70 ಜನ. ನಾಲ್ಕು ಪ್ರಶ್ನೆ ಕೇಳಿ, ಪ್ರತಿ ಸಲವೂ ಸರಾಸರಿಯನ್ನು ಜನರ ಸಂಖ್ಯೆಯಿಂದ ಗುಣಿಸಿ ಮೊತ್ತ ಮಾಡಿಕೊಳ್ಳಿ. ಕೋರಮಂಗಲದವರು: 41,20,000. ಕೋರಮಂಗಲದಲ್ಲಿ ಇಲ್ಲದವರು: 58,60,000. ಎರಡೂ ಸೇರಿದರೆ ಇಡೀ ಕಂಪನಿಯ ಮೊತ್ತ 99,80,000, ಅದನ್ನು ನೇರವಾಗಿ ಕೇಳಬೇಕಾಗಿಲ್ಲ. ಮೂರನೆಯದು, ‘ನೆಟ್‌ವರ್ಕ್ ತಂಡದ ಮಹಿಳೆ ಅಥವಾ ಕೋರಮಂಗಲದವರು’: 41,20,000. ನಾಲ್ಕನೆಯದು, ‘ನೆಟ್‌ವರ್ಕ್ ತಂಡದ ಮಹಿಳೆ ಅಥವಾ ಕೋರಮಂಗಲದಲ್ಲಿ ಇಲ್ಲದವರು’: 71 ಜನ, 59,52,000.

ಕೊನೆಯ ಎರಡನ್ನು ಕೂಡಿಸಿದಾಗ ಕಂಪನಿಯ ಪ್ರತಿಯೊಬ್ಬರೂ ಒಂದು ಸಲ ಲೆಕ್ಕಕ್ಕೆ ಬರುತ್ತಾರೆ, ಆಕೆ ಮಾತ್ರ ಎರಡು ಸಲ. ಆದ್ದರಿಂದ 1,00,72,000ದಿಂದ 99,80,000 ಕಳೆದರೆ ಉಳಿಯುವುದು ಅದೇ 92,000. ಆಕೆ ಯಾವ ಆಫೀಸಿನವರು ಎಂಬುದು ಕೂಡ ಮೊದಲೇ ಗೊತ್ತಿರಬೇಕಿಲ್ಲ. ಕೇಳಿದ ಯಾವ ಗುಂಪಿನಲ್ಲೂ 50ಕ್ಕಿಂತ ಕಡಿಮೆ ಜನ ಇರಲಿಲ್ಲ!

ಇದು ಹೊಸ ಸುದ್ದಿಯಲ್ಲ. ಕಂಪ್ಯೂಟರ್ ವಿಜ್ಞಾನಿಗಳಾದ ಡೊರೊತಿ ಡೆನಿಂಗ್, ಪೀಟರ್ ಡೆನಿಂಗ್ ಮತ್ತು ಮೇಯರ್ ಶ್ವಾರ್ಟ್ಸ್ 1979ರಲ್ಲೇ ಇದನ್ನು ತೋರಿಸಿದ್ದರು. ನಮ್ಮ ಲೆಕ್ಕಕ್ಕೆ ಇಳಿಸಿದರೆ, 10ರಿಂದ 110 ಜನರವರೆಗಿನ ಯಾವ ಗುಂಪನ್ನು ಬೇಕಾದರೂ ಇಲ್ಲಿನ ಕೋರಮಂಗಲದವರ ಹಾಗೆ ಟ್ರ್ಯಾಕರ್ ಆಗಿ ಬಳಸಬಹುದು. ಮಿತಿಯನ್ನು 5ರಿಂದ 10ಕ್ಕೆ ಏರಿಸಿದರೂ 20ರಿಂದ 100 ಜನರ ಗುಂಪು ಬೇಕಾಗುತ್ತದೆ ಅಷ್ಟೇ. ಅಂಥ ಗುಂಪು ಸಿಗದ ಕಂಪನಿ ಯಾವುದಿದೆ?

ನಾಲ್ಕನೇ ಹೆಜ್ಜೆ: ತಿಂಗಳುಗಳನ್ನು ಹೋಲಿಸಿ

ಇದಕ್ಕೆ ಜಾಣತನವೂ ಬೇಡ. ನವೆಂಬರ್‌ನಲ್ಲಿ 120 ಜನ, ಡಿಸೆಂಬರ್‌ನಲ್ಲಿ 121. ಎರಡೂ ತಿಂಗಳ ಸರಾಸರಿಯನ್ನು ಯಾರಾದರೂ ಬರೆದಿಟ್ಟುಕೊಂಡಿದ್ದರೆ ಹೊಸಬರ ಸಂಬಳ ಸಿಕ್ಕಿತು. ಏಪ್ರಿಲ್‌ನಲ್ಲಿ ಎಲ್ಲರಿಗೂ ಸಂಬಳ ಏರಿದರೆ ಈ ಲೆಕ್ಕ ಕೆಡುತ್ತದೆ, ಬೇರೆ ತಿಂಗಳಲ್ಲಿ ಕೆಡುವುದಿಲ್ಲ.

ಮುಚ್ಚುವುದು ಹೇಗೆ?

ಮೊದಲು ಹೊಳೆಯುವುದು ಅಂಕಿಗಳನ್ನು ದುಂಡಗೆ ಮಾಡುವುದು. ಎರಡನೇ ಹೆಜ್ಜೆಯ ಸರಾಸರಿಗಳನ್ನು ಸಾವಿರಕ್ಕೆ ದುಂಡಗೆ ಮಾಡಿದರೆ ಎರಡೂ 86,000 ಆಗುತ್ತವೆ. ಆಗ ದಾಳಿಕೋರನಿಗೆ ಸಿಗುವುದು 86,000, ಹೆಚ್ಚು ಕಡಿಮೆ 13,500. ಅಂದರೆ 72,500ರಿಂದ 99,500ರ ನಡುವೆ ಎಲ್ಲೋ. ಪರವಾಗಿಲ್ಲ, ಆದರೆ ಬೇರೆ ಬೇರೆ ಗುಂಪುಗಳೊಂದಿಗೆ ಮತ್ತೆ ಮತ್ತೆ ಕೇಳಿದರೆ ಈ ಅಂತರ ಕಿರಿದಾಗುತ್ತಾ ಹೋಗುತ್ತದೆ. ಯಾರು ಏನು ಕೇಳಿದರು ಎಂದು ದಾಖಲೆ ಇಟ್ಟು, ಒಂದರ ಮೇಲೊಂದು ಬೀಳುವ ಪ್ರಶ್ನೆಗಳನ್ನು ತಡೆಯುವುದು ಇನ್ನೊಂದು ದಾರಿ. ಇಬ್ಬರು ಸ್ನೇಹಿತರು ಅರ್ಧರ್ಧ ಪ್ರಶ್ನೆ ಕೇಳಿ ಉತ್ತರ ಹಂಚಿಕೊಂಡರೆ ಅದೂ ಮುಗಿಯಿತು.

ಲೆಕ್ಕ ಇಟ್ಟು ಭರವಸೆ ಕೊಡಬಲ್ಲ ದಾರಿ ಡಿಫರೆನ್ಷಿಯಲ್ ಪ್ರೈವಸಿ. ಇದು 2006ರಲ್ಲಿ ಬಂದದ್ದು, ಅಮೆರಿಕದ 2020ರ ಜನಗಣತಿಯಲ್ಲೂ ಬಳಸಿದರು. ಪ್ರತಿ ಮೊತ್ತಕ್ಕೂ ಗೊತ್ತುಪಡಿಸಿದ ಅಳತೆಯ ಒಂದು ಅಡ್ಡಾದಿಡ್ಡಿ ಅಂಕಿಯನ್ನು ಸೇರಿಸಿ ಕೊಡುತ್ತಾರೆ. ಒಬ್ಬರು ಪಟ್ಟಿಯಲ್ಲಿ ಇದ್ದರೂ ಇಲ್ಲದಿದ್ದರೂ ಉತ್ತರದಲ್ಲಿ ದೊಡ್ಡ ವ್ಯತ್ಯಾಸ ಕಾಣಬಾರದು. ಹಾಗಾಗಿ ಆ ಅಂಕಿಯ ಅಳತೆ ಒಬ್ಬರ ಅತಿ ಹೆಚ್ಚಿನ ಸಂಬಳಕ್ಕೆ ತಕ್ಕಂತೆ ಇರಬೇಕು. ತಿಂಗಳಿಗೆ 3 ಲಕ್ಷದ ಮೇಲಿನ ಸಂಬಳವನ್ನೆಲ್ಲ 3 ಲಕ್ಷ ಎಂದೇ ಎಣಿಸಿ, ಎಷ್ಟು ಗುಟ್ಟು ಬಿಟ್ಟುಕೊಡಬಹುದು ಎಂದು ಹೇಳುವ ಎಪ್ಸಿಲಾನ್ ಎಂಬ ಅಳತೆಯನ್ನು 1 ಎಂದು ಇಟ್ಟರೆ, ಮೊತ್ತದಲ್ಲಿ ಸರಾಸರಿ 3 ಲಕ್ಷದಷ್ಟು ತಪ್ಪಿರುತ್ತದೆ. 120 ಜನರಿಗೆ ಹಂಚಿದರೆ ಸರಾಸರಿ ಸಂಬಳದಲ್ಲಿ 2,500 ರೂಪಾಯಿ ವ್ಯತ್ಯಾಸ, ಯಾರಿಗೂ ತೊಂದರೆ ಇಲ್ಲ. 14 ಜನರಿಗೆ ಹಂಚಿದರೆ 21,000ಕ್ಕೂ ಮೇಲೆ, ಆ ಉತ್ತರ ಯಾವ ಕೆಲಸಕ್ಕೂ ಬಾರದು.

ಪ್ರಶ್ನೆ ಕೇಳಿದಷ್ಟೂ ಈ ಎಪ್ಸಿಲಾನ್ ಖರ್ಚಾಗುತ್ತದೆ. ಅದೇ 1ರೊಳಗೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕೆಂದರೆ ಪ್ರತಿಯೊಂದರಲ್ಲೂ ತಪ್ಪು ನಾಲ್ಕರಷ್ಟಾಗುತ್ತದೆ. ಈ ಖರ್ಚಿಗೆ ಮಿತಿ ಹಾಕದೆ, ಪ್ರತಿ ಸಲ ಹೊಸ ಅಂಕಿ ಸೇರಿಸಿ ಕೊಡುತ್ತಾ ಹೋದರೆ ಕೆಲಸ ಕೆಟ್ಟಿತು. ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿ ಸರಾಸರಿ ತೆಗೆದರೆ ತಪ್ಪು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹಾಗಾಗಿ 120 ಜನರ ಕಂಪನಿಗೆ ನನ್ನ ಸಲಹೆ: ಬೇಕಾದ ಫಿಲ್ಟರ್ ಹಾಕಿಕೊಳ್ಳುವ ಸೌಲಭ್ಯವನ್ನೇ ತೆಗೆಯಿರಿ. ಇಡೀ ಕಂಪನಿಯದ್ದು ಒಂದು, ಆಫೀಸುವಾರು ಎರಡು ಸರಾಸರಿಗಳನ್ನು ಹೀಗೆ ಅಂಕಿ ಬೆರೆಸಿ ವರ್ಷಕ್ಕೊಮ್ಮೆ ಪ್ರಕಟಿಸಿ. ತಂಡವಾರು ಸರಾಸರಿ ಕೇಳಿದವರಿಗೆ ಆ 21,000ದ ಲೆಕ್ಕ ತೋರಿಸಿ.