ಬಾಡಿಗೆ ಮೂವತ್ತು ಸಾವಿರ, ಉಳಿದದ್ದೆಷ್ಟು?

ಲಾರಿ ಬೆಂಗಳೂರಿಗೆ ಹೋಗಿ ಬಂದ ಮೇಲೆ ಕಿಸೆಯಲ್ಲಿ ಇರುವುದನ್ನೇ ಲಾಭ ಅನ್ನುವ ಮಾಲೀಕರು ನಮ್ಮ ಕಾಸರಗೋಡಿನ ಕಡೆ ತುಂಬಾ ಮಂದಿ. ಅದು ಲಾಭವಲ್ಲ. ಒಂದು ಆರು ಚಕ್ರದ ಲಾರಿಯ ಲೆಕ್ಕವನ್ನು ಉದಾಹರಣೆಗೆ ಹಾಕಿ ನೋಡೋಣ. ನಿಮ್ಮ ದರ ಬೇರೆ ಇರಬಹುದು, ದಾರಿ ಇದೇ.

ಮೊದಲು ಬಾಡಿಗೆ ಚೀಟಿ. ಹೋಗುವಾಗ 18,000, ಬರುವಾಗ 12,000, ಒಟ್ಟು 30,000 ರೂಪಾಯಿ. ಚೀಟಿಯಲ್ಲಿ ಅಡ್ವಾನ್ಸ್ ಬೇರೆ, ಬಾಕಿ ಬೇರೆ ಇರುತ್ತದೆ. ಮಾಲು ಕಡಿಮೆ ಬಂತೆಂದು ಬಾಕಿಯಲ್ಲಿ ಹಿಡಿದುಕೊಂಡರೆ, ಕೈಗೆ ಬಂದದ್ದನ್ನೇ ಬರೆಯಿರಿ.

ಡೀಸೆಲ್ ಲೆಕ್ಕ ಎಡವುವುದು ಇಲ್ಲೇ. ಕೇರಳಕ್ಕಿಂತ ಕರ್ನಾಟಕದಲ್ಲಿ ಡೀಸೆಲ್ ಅಗ್ಗ, ಹಾಗಾಗಿ ಹೆಚ್ಚಿನವರು ತಲಪಾಡಿ ದಾಟಿಯೇ ತುಂಬಿಸುತ್ತಾರೆ. ಅದನ್ನೇ ಅಳತೆಗೂ ಬಳಸಿಕೊಳ್ಳಿ. ಹೋಗುವಾಗ ಒಂದು ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿ ಮೀಟರ್ ಬರೆದಿಡಿ, ಬರುವಾಗ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿ. ದಾರಿಯಲ್ಲಿ ಹಾಕಿಸಿದ್ದು, ಕೊನೆಗೆ ಹಿಡಿದದ್ದು ಕೂಡಿದರೆ ಖರ್ಚಾದ ಲೀಟರ್ ಸಿಗುತ್ತದೆ. 800 ಕಿ.ಮೀ.ಗೆ 160 ಲೀಟರ್, ಲೀಟರಿಗೆ 90ರಂತೆ 14,400. ಇದೇ ದಾರಿ, ಇದೇ ಲೋಡಿಗೆ 180 ಲೀಟರ್ ಹಿಡಿದರೆ 1,800 ರೂಪಾಯಿ ಸುಮ್ನೆ ಹೋಯಿತು. ಆಗ ಡ್ರೈವರನ್ನು ಬೈಯುವ ಮೊದಲು ಟಯರಿನ ಗಾಳಿ, ಬ್ರೇಕ್ ಹಿಡಿದುಕೊಂಡಿದೆಯೋ ಎಂದು ನೋಡಿ.

ಟೋಲನ್ನು ಡ್ರೈವರ್ ಹೇಳಿದಂತೆ ಬರೆಯದೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟಿನಿಂದ ತೆಗೆಯಿರಿ: 3,600. ಬಾಟಾ 3,500. ಲೋಡಿಂಗ್, ಬ್ರೋಕರ್ ಕಮಿಷನ್ 1,900. ಎಲ್ಲ ಕೂಡಿದರೆ 23,400. ಕಿಸೆಯಲ್ಲಿ ಉಳಿದದ್ದು 6,600.

ಈಗ ಟಯರ್. ಇದಕ್ಕೆ ಟ್ರಿಪ್ಪಿಗೆ ಚೀಟಿ ಬರುವುದಿಲ್ಲ, ಒಂದು ದಿನ ಒಟ್ಟಿಗೇ ಬಿಲ್ ಬರುತ್ತದೆ. ಆರು ಟಯರಿಗೆ 1,20,000 ಕೊಟ್ಟು 60,000 ಕಿ.ಮೀ. ಓಡಿಸಿದರೆ ಕಿ.ಮೀ.ಗೆ 2 ರೂಪಾಯಿ. ಈ ಟ್ರಿಪ್ಪಿಗೆ 1,600. ಟಯರ್ ಹಾಕಿದ ದಿನದ ಮೀಟರನ್ನು ಟಯರಿನ ನಂಬರ್ ಜತೆ ಬರೆದಿಟ್ಟರೆ ಮಾತ್ರ ಈ ಲೆಕ್ಕ ನಿಜವಾಗುತ್ತದೆ. ರೀಸೋಲ್ ಮಾಡಿಸಿದರೆ ಅದರ ದುಡ್ಡು, ಅದು ಓಡಿದ ಕಿ.ಮೀ. ಎರಡನ್ನೂ ಸೇರಿಸಿ. ಓವರ್‌ಲೋಡ್ ಹಾಕಿದ ಲಾರಿಗೆ 60,000 ಸಿಗುವುದಿಲ್ಲ. ಜಾಸ್ತಿ ಬಾಡಿಗೆ ಎಂದು ಖುಷಿಪಟ್ಟದ್ದನ್ನು ಟಯರೇ ತಿಂದುಬಿಡುತ್ತದೆ.

ಉಳಿಯಿತು 5,000. ಸಾಲದ ಕಂತು, ಇನ್ಶೂರೆನ್ಸ್, ಪರ್ಮಿಟ್, ತೆರಿಗೆಗೆ ತಿಂಗಳಿಗೆ 36,000 ಇದೆ ಅನ್ನಿ. ಆರು ಟ್ರಿಪ್ ಆದರೆ ಒಂದಕ್ಕೆ 6,000, ಅಂದರೆ ಸಾವಿರ ನಷ್ಟ. ಎಂಟು ಆದರೆ 4,500, ಐನೂರು ಲಾಭ. ಅಲ್ಲಿ ಅನ್‌ಲೋಡಿಗೆ ಒಂದು ದಿನ ಕಾದರೆ ಎಂಟು ಆಗುತ್ತದಾ? ಹಾಲ್ಟಿಂಗ್ ದುಡ್ಡಿನ ಮಾತನ್ನು ಲೋಡ್ ಹತ್ತಿಸುವ ಮೊದಲೇ ಆಡಿ ಚೀಟಿಯಲ್ಲಿ ಬರೆಸಿಕೊಳ್ಳಿ.